ಒಂದು ಸಾಲಿನ ಕಮಾಂಡು, ನಾಲ್ಕು ಉತ್ತರ

ಪರೀಕ್ಷಾ ಕೇಂದ್ರದ ಕಂಪ್ಯೂಟರಿನಲ್ಲಿ ಇಂಥದೊಂದು ಸಾಲು ಎದುರಾಗುತ್ತದೆ. ಇದನ್ನು ಬ್ಯಾಶ್ ಶೆಲ್‌ಗೆ ಕೊಟ್ಟರೆ ತೆರೆಯ ಮೇಲೆ ಏನು ಬರುತ್ತದೆ ಎಂಬುದು ಪ್ರಶ್ನೆ.

```
true || echo A && echo B
```

A ಮಾತ್ರ, B ಮಾತ್ರ, ಎರಡೂ, ಏನೂ ಇಲ್ಲ ಎಂದು ನಾಲ್ಕು ಆಯ್ಕೆಗಳಿವೆ. ಕಾಲೇಜಿನಲ್ಲಿ ಸಿ ಭಾಷೆ ಕಲಿತು ಬಂದವರು ಸಲೀಸಾಗಿ "ಏನೂ ಇಲ್ಲ" ಎಂಬುದಕ್ಕೆ ಗುರುತು ಹಾಕುತ್ತಾರೆ. ಅವರ ಲೆಕ್ಕಕ್ಕೂ ಕಾರಣವಿದೆ. ಸಿ ಭಾಷೆಯಲ್ಲಿ `&&` ಚಿಹ್ನೆಗೆ `||` ಚಿಹ್ನೆಗಿಂತ ಬಿಗಿ ಹೆಚ್ಚು, ಗಣಿತದಲ್ಲಿ ಕೂಡುವುದಕ್ಕಿಂತ ಮೊದಲು ಗುಣಿಸುವ ಹಾಗೆ. ಆ ಪ್ರಕಾರ ಬಲಗಡೆಯ ಎರಡು `echo` ಒಂದು ಗುಂಪಾಗುತ್ತವೆ. ಎಡಗಡೆಯದು ಆಗಲೇ ನಿಜವಾಗಿರುವುದರಿಂದ ಆ ಗುಂಪಿನ ತಂಟೆಗೆ ಹೋಗಬೇಕಾಗಿಲ್ಲ.

ಸರಿಯುತ್ತರ ಮಾತ್ರ B.

ಲಿನಕ್ಸ್ ಆಡಳಿತದ ಪರೀಕ್ಷೆಗಳಲ್ಲೆಲ್ಲ ಈ ಬಗೆಯ ಪ್ರಶ್ನೆ ಬರುವುದಿಲ್ಲ. ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲಿ ಅಭ್ಯರ್ಥಿಯ ಕೈಗೆ ನಿಜವಾದ ಯಂತ್ರವನ್ನೇ ಕೊಟ್ಟು ಕೆಲಸ ಮಾಡಿಸುತ್ತಾರೆ, ಅಲ್ಲಿ ಅನುಮಾನ ಬಂದರೆ ಕಮಾಂಡನ್ನು ಓಡಿಸಿ ನೋಡಬಹುದು. ಲಿನಕ್ಸ್ ಪ್ರೊಫೆಷನಲ್ ಇನ್‌ಸ್ಟಿಟ್ಯೂಟ್ ನಡೆಸುವ ಎಲ್‌ಪಿಐಸಿ-1 ಹಾಗಲ್ಲ. ಅದರ ಎರಡು ಪರೀಕ್ಷೆಗಳಲ್ಲಿ ತಲಾ 60 ಪ್ರಶ್ನೆ, ತಲಾ 90 ನಿಮಿಷ. ಆಯ್ಕೆ ಮಾಡುವ ಪ್ರಶ್ನೆಗಳ ಜೊತೆಗೆ ಬಿಟ್ಟ ಸ್ಥಳ ತುಂಬುವವೂ ಇರುತ್ತವೆ. ಪ್ರಶ್ನೆಯೊಂದಕ್ಕೆ ಸಿಗುವುದು ಒಂದೂವರೆ ನಿಮಿಷ, ಓಡಿಸಿ ನೋಡಲು ಟರ್ಮಿನಲ್ ಇಲ್ಲ. ಶೆಲ್ ಮಾಡುವ ಕೆಲಸವನ್ನು ಅಭ್ಯರ್ಥಿ ತಲೆಯಲ್ಲೇ ಮಾಡಬೇಕು.

ಹಾಗೆ ಮಾಡಲು ಒಂದು ಸಂಗತಿ ತಿಳಿದಿದ್ದರೆ ಸಾಕು, ಆದರೆ ಅದು ಚೆನ್ನಾಗಿ ತಿಳಿದಿರಬೇಕು. ಪ್ರತಿಯೊಂದು ಕಮಾಂಡೂ ಮುಗಿಯುವಾಗ ಎರಡು ಬೇರೆ ಬೇರೆ ವಸ್ತುಗಳನ್ನು ಬಿಟ್ಟುಹೋಗುತ್ತದೆ. ಒಂದು, ಅದು ಮುದ್ರಿಸಿದ ಅಕ್ಷರಗಳು. ಇನ್ನೊಂದು ಕಣ್ಣಿಗೆ ಬೀಳದ ಒಂದು ಸಂಖ್ಯೆ, ಎಕ್ಸಿಟ್ ಸ್ಟೇಟಸ್. ನಮ್ಮ ಶಾಲೆಗಳಲ್ಲಿ ಸೊನ್ನೆ ಬಂದವನು ಫೇಲು. ಇಲ್ಲಿ ಸೊನ್ನೆ ಬಂದರೇನೇ ಪಾಸು, ಬೇರೆ ಯಾವ ಅಂಕೆ ಬಂದರೂ ಫೇಲು. ಉದಾಹರಣೆಗೆ `grep` ಹುಡುಕಿದ್ದು ಸಿಕ್ಕರೆ 0 ಬಿಡುತ್ತದೆ, ಸಿಗದಿದ್ದರೆ 1, ಫೈಲೇ ಇಲ್ಲದಂಥ ತೊಂದರೆಯಾದರೆ 2. `true` ಮತ್ತು `false` ಎಂಬ ಎರಡು ಕಮಾಂಡುಗಳಂತೂ ಏನನ್ನೂ ಮುದ್ರಿಸುವುದಿಲ್ಲ. ಮೊದಲನೆಯದು 0 ಬಿಡುತ್ತದೆ, ಎರಡನೆಯದು 1 ಬಿಡುತ್ತದೆ, ಅವುಗಳ ಬದುಕೇ ಅಷ್ಟು. ಪ್ರಶ್ನೆ ಬರೆಯುವವರಿಗೆ ಅವು ಪ್ರಿಯವಾಗಿರುವುದೂ ಅದಕ್ಕೇ.

`&&` ಮತ್ತು `||` ನೋಡುವುದು ಈ ಸಂಖ್ಯೆಯನ್ನು ಮಾತ್ರ. ಮುದ್ರಣವಾದ ಅಕ್ಷರಗಳತ್ತ ಅವು ತಿರುಗಿಯೂ ನೋಡುವುದಿಲ್ಲ. `&&` ಎಂದರೆ ಇದುವರೆಗಿನ ಸಂಖ್ಯೆ ಸೊನ್ನೆಯಾಗಿದ್ದರೆ ಮುಂದಿನದನ್ನು ಓಡಿಸು, `||` ಎಂದರೆ ಸೊನ್ನೆಯಲ್ಲದಿದ್ದರೆ ಓಡಿಸು. ಅರ್ಧವಿರಾಮದ `;` ಮಾತ್ರ ಏನನ್ನೂ ಕೇಳುವುದಿಲ್ಲ, ಮುಂದಿನದನ್ನು ಓಡಿಸಿಬಿಡುತ್ತದೆ. ಶೆಲ್‌ನಲ್ಲಿ `&&`, `||` ಎರಡಕ್ಕೂ ಸಮಾನ ಬಿಗಿ. ಪಾಸಿಕ್ಸ್ ಮಾನಕವೇ ಹಾಗೆ ಹೇಳುತ್ತದೆ: ಎಡದಿಂದ ಬಲಕ್ಕೆ, ಬಂದ ಹಾಗೆ.

ಈಗ ಮೊದಲ ಸಾಲಿಗೆ ಮರಳೋಣ. `true` ಓಡಿತು, ಕೈಯಲ್ಲಿ ಸೊನ್ನೆ. ಮುಂದೆ `||` ಬಂತು, ಅದಕ್ಕೆ ಬೇಕಿದ್ದುದು ಸೋಲು, ಹಾಗಾಗಿ `echo A` ಓಡಲಿಲ್ಲ. ಓಡದ ಕಮಾಂಡು ಸಂಖ್ಯೆಯನ್ನು ಬದಲಿಸುವುದಿಲ್ಲ, ಸೊನ್ನೆ ಹಾಗೇ ಉಳಿಯಿತು. ಅಭ್ಯರ್ಥಿಗಳು ಎಡವುವುದು ಇಲ್ಲೇ. `||` ತಡೆದ ಮೇಲೆ ಸಾಲು ಅಲ್ಲಿಗೇ ಮುಗಿಯಿತೆಂದು ಭಾವಿಸುತ್ತಾರೆ. ಶೆಲ್ ಸಾಲನ್ನು ಬಿಡುವುದಿಲ್ಲ, ಆ ಒಂದು ತುಂಡನ್ನು ಹಾರಿ ಮುಂದಕ್ಕೆ ನಡೆಯುತ್ತದೆ. `&&` ಬಂತು, ಕೈಯಲ್ಲಿ ಸೊನ್ನೆಯೇ ಇದೆ, `echo B` ಓಡಿತು.

ಇದೇ ನಿಯಮ ಇನ್ನೊಂದು ಜನಪ್ರಿಯ ರೂಢಿಯ ಮುಖವಾಡ ಕಳಚುತ್ತದೆ. ಅನೇಕರು `&&` ಮತ್ತು `||` ಜೋಡಿಯನ್ನು "ಹೀಗಾದರೆ ಇದು, ಇಲ್ಲದಿದ್ದರೆ ಅದು" ಎಂಬ `if`-`else` ಕಟ್ಟಿನ ಚುಟುಕು ರೂಪವೆಂದು ಬಳಸುತ್ತಾರೆ.

```
true && false || echo C
```

`true` ಗೆದ್ದಿದೆಯಲ್ಲ, "ಇಲ್ಲದಿದ್ದರೆ" ಭಾಗ ಯಾಕೆ ಓಡಬೇಕು? ಆದರೂ C ಮುದ್ರಣವಾಗುತ್ತದೆ. ನಡುವಿನ ಕಮಾಂಡು ಸೋತಾಗ ಕೈಯಲ್ಲಿರುವ ಸಂಖ್ಯೆ 1 ಆಗುತ್ತದೆ. `||` ಕೇಳುವುದು ಇದೀಗ ಇರುವ ಸಂಖ್ಯೆಯನ್ನೇ ಹೊರತು ಮೊದಲನೆಯದು ಗೆದ್ದಿತ್ತೇ ಎಂಬುದನ್ನಲ್ಲ. ನಿಜವಾದ `if` ಬರೆದಿದ್ದರೆ ಈ ಗೊಂದಲ ಆಗುತ್ತಿರಲಿಲ್ಲ.

ಇನ್ನು ಪೈಪ್. ಪ್ರೋಗ್ರಾಮುಗಳನ್ನು ತೋಟದ ಕೊಳವೆಗಳಂತೆ ಒಂದಕ್ಕೊಂದು ಜೋಡಿಸುವ ಹಾಗಿರಬೇಕು ಎಂದು ಬೆಲ್ ಲ್ಯಾಬ್ಸ್‌ನ ಡಗ್ ಮೆಕ್‌ಇಲ್‌ರಾಯ್ 1964ರಲ್ಲೇ ಟಿಪ್ಪಣಿ ಬರೆದಿದ್ದರು. ಯುನಿಕ್ಸ್‌ನಲ್ಲಿ ಕೆನ್ ಥಾಂಪ್ಸನ್ ಅದನ್ನು ಕೂರಿಸಿದ್ದು 1973ರಲ್ಲಿ. ಅಂದಿನಿಂದ ಒಂಟಿ ಗೀಟು `|` ಮಾಡುವ ಕೆಲಸ ಎಡಗಡೆಯ ಅಕ್ಷರಗಳನ್ನು ಬಲಗಡೆಗೆ ಹರಿಸುವುದು. ಗಮನಿಸಿ, ಅಕ್ಷರಗಳನ್ನು. ಸಂಖ್ಯೆ ಹರಿಯುವುದಿಲ್ಲ. ಜೋಡಿ ಗೀಟು ಸಂಖ್ಯೆ ನೋಡಿ ಅಕ್ಷರ ಬಿಟ್ಟರೆ, ಒಂಟಿ ಗೀಟು ಅಕ್ಷರ ಹಿಡಿದು ಸಂಖ್ಯೆ ಬಿಡುತ್ತದೆ. ಪೈಪ್ ಸಾಲು ಒಟ್ಟಾರೆ ಪಾಸೋ ಫೇಲೋ ಎಂಬುದನ್ನು ತೀರ್ಮಾನಿಸುವುದು ಕಟ್ಟಕಡೆಯ ಕಮಾಂಡು ಒಂದೇ.

```
grep nosuchuser /etc/passwd | wc -l && echo OK
```

ಆ ಹೆಸರಿನ ಬಳಕೆದಾರ ಇಲ್ಲವೆಂದುಕೊಳ್ಳೋಣ. `grep` ಸೋತು 1 ಬಿಡುತ್ತದೆ, ಅಕ್ಷರವನ್ನೇನೂ ಕಳಿಸುವುದಿಲ್ಲ. `wc` ಬರಿದಾದ ಕೊಳವೆಯಲ್ಲಿ ಸಾಲುಗಳನ್ನು ಎಣಿಸಿ 0 ಎಂದು ಮುದ್ರಿಸುತ್ತದೆ. ಎಣಿಸುವ ಕೆಲಸ ಸರಿಯಾಗಿಯೇ ಆಯಿತಲ್ಲ, ಅದರ ಸ್ಟೇಟಸ್ಸೂ ಸೊನ್ನೆ. ಹಾಗಾಗಿ ತೆರೆಯ ಮೇಲೆ ಮೊದಲು 0, ಅದರ ಕೆಳಗೆ OK. ಮುದ್ರಣವಾದ ಸೊನ್ನೆಗೂ ಸ್ಟೇಟಸ್ಸಿನ ಸೊನ್ನೆಗೂ ಸಂಬಂಧವೇ ಇಲ್ಲ, ಅದೊಂದು ಕಾಕತಾಳೀಯ. ಪ್ರಶ್ನೆ ಬರೆದವರು ಬೇಕೆಂದೇ ತಂದಿಟ್ಟ ಕಾಕತಾಳೀಯ ಎನ್ನಬಹುದು.

ಇದು ಪರೀಕ್ಷೆಗೆಂದು ಹೆಣೆದ ಒಗಟಷ್ಟೇ ಎಂದುಕೊಂಡವರು ಈ ಸಾಲನ್ನು ನೋಡಬೇಕು. ರಾತ್ರಿ ತಾನೇ ಓಡುವಂತೆ ಇಡುವ ಬ್ಯಾಕಪ್ ಸ್ಕ್ರಿಪ್ಟುಗಳಲ್ಲಿ ಇಂಥವು ಸಾಮಾನ್ಯ.

```
mysqldump shop | gzip > shop.gz && echo OK
```

ಡೇಟಾಬೇಸಿನ ಪಾಸ್‌ವರ್ಡ್ ಬದಲಾಗಿದೆ, ಸ್ಕ್ರಿಪ್ಟಿನವರಿಗೆ ಯಾರೂ ಹೇಳಿಲ್ಲ. `mysqldump` ಒಳಗೇ ಹೋಗಲಾಗದೆ ಸೋಲುತ್ತದೆ. `gzip` ಮಾತ್ರ ಬಂದ ಶೂನ್ಯವನ್ನೇ ಶ್ರದ್ಧೆಯಿಂದ ಕುಗ್ಗಿಸಿ ಫೈಲ್ ಬರೆದು ಗೆಲ್ಲುತ್ತದೆ. ಲಾಗ್‌ನಲ್ಲಿ ದಿನವೂ OK. ಪತ್ತೆ ಹಚ್ಚುವ ಸುಲಭ ದಾರಿ ಫೈಲಿನ ಗಾತ್ರ: ಏನೂ ಬಾರದ ಕೊಳವೆಯನ್ನು `gzip` ಕುಗ್ಗಿಸಿದರೆ ಬರುವ ಫೈಲು ಕೇವಲ 20 ಬೈಟ್, ಬರೀ ತಲೆಬರಹ ಮತ್ತು ಕೊನೆಯ ಗುರುತು. ಬ್ಯಾಕಪ್ ಫೋಲ್ಡರಿನಲ್ಲಿ ಸಾಲಾಗಿ 20 ಬೈಟಿನ ಫೈಲುಗಳು ಕಂಡರೆ ಕಥೆ ಗೊತ್ತಾಯಿತು. ತಡೆಯುವ ಉಪಾಯವೂ ಇದೆ. ಸ್ಕ್ರಿಪ್ಟಿನ ಮೇಲ್ಗಡೆ `set -o pipefail` ಎಂದು ಬರೆದರೆ ಕೊಳವೆಯ ಯಾವ ತುಂಡು ಸೋತರೂ ಇಡೀ ಸಾಲು ಸೋತಂತೆ. ಬ್ಯಾಶ್‌ನಲ್ಲಿ ಬಹಳ ಕಾಲದಿಂದ ಇದ್ದ ಈ ಸೌಲಭ್ಯ ಪಾಸಿಕ್ಸ್ ಮಾನಕದೊಳಗೆ ಬಂದದ್ದು 2024ರ ಆವೃತ್ತಿಯಲ್ಲಿ.

ಪ್ರಶ್ನೆಯಲ್ಲಿ "ಬ್ಯಾಶ್" ಎಂದು ಹೆಸರಿಸುವುದಕ್ಕೂ ಕಾರಣವಿದೆ. `echo 5 | read x; echo $x` ಎಂಬ ಸಾಲನ್ನು ಬ್ಯಾಶ್‌ಗೆ ಕೊಟ್ಟರೆ ಖಾಲಿ ಸಾಲು ಬರುತ್ತದೆ. ಬ್ಯಾಶ್ ಕೊಳವೆಯ ಪ್ರತಿ ತುಂಡನ್ನೂ ಮರಿ ಶೆಲ್ಲೊಂದರಲ್ಲಿ ಓಡಿಸುತ್ತದೆ. `x` ಹುಟ್ಟಿದ್ದು ಆ ಮರಿಯಲ್ಲಿ, ಮರಿಯೊಂದಿಗೇ ಹೋಯಿತು. ಜ಼ೆಡ್-ಶೆಲ್‌ನಲ್ಲಿ ಕೊನೆಯ ತುಂಡು ತಾಯಿ ಶೆಲ್ಲಿನಲ್ಲೇ ಓಡುವುದರಿಂದ ಅಲ್ಲಿ 5 ಬರುತ್ತದೆ. ಆಪಲ್‌ನ ಮ್ಯಾಕ್ ಕಂಪ್ಯೂಟರುಗಳು 2019ರಿಂದ ಜ಼ೆಡ್-ಶೆಲ್ಲನ್ನೇ ಮುಂದಿಡುತ್ತಿವೆ. ಮ್ಯಾಕ್‌ನಲ್ಲಿ ಅಭ್ಯಾಸ ಮಾಡಿ ಹೋದವರು ತಮ್ಮ ಕಣ್ಣಾರೆ ಕಂಡ ಉತ್ತರವನ್ನೇ ಬರೆದು ಅಂಕ ಕಳೆದುಕೊಳ್ಳುವ ಸಾಧ್ಯತೆ ಇಲ್ಲಿದೆ.

ಉಳಿದದ್ದು ದಿಕ್ಕು ಬದಲಿಸುವ ಚಿಹ್ನೆಗಳು. ಕಮಾಂಡಿಗೆ ಅಕ್ಷರ ಹೊರಹಾಕಲು ಎರಡು ಬಾಗಿಲುಗಳಿವೆ. 1ನೇ ಬಾಗಿಲಲ್ಲಿ ಫಲಿತಾಂಶ, 2ನೇ ಬಾಗಿಲಲ್ಲಿ ತಪ್ಪಿನ ಸಂದೇಶ. ಪೈಪ್ ಹಿಡಿಯುವುದು 1ನೇ ಬಾಗಿಲನ್ನು ಮಾತ್ರ. `2>&1` ಎಂಬುದನ್ನು "ಎರಡನ್ನೂ ಸೇರಿಸು" ಎಂದು ಬಾಯಿಪಾಠ ಮಾಡಿದವರು ಸಿಕ್ಕಿಬೀಳುತ್ತಾರೆ. ಅದರ ನಿಜವಾದ ಅರ್ಥ, 1ನೇ ಬಾಗಿಲು ಈ ಕ್ಷಣದಲ್ಲಿ ಎತ್ತ ತೆರೆದಿದೆಯೋ 2ನೆಯದನ್ನೂ ಅತ್ತಲೇ ತೆರೆ ಎಂದು. ಆಮೇಲೆ 1ನೆಯದನ್ನು ಬೇರೆಡೆ ತಿರುಗಿಸಿದರೆ 2ನೆಯದು ಅದರ ಹಿಂದೆ ಹೋಗುವುದಿಲ್ಲ. ಇದನ್ನೂ ಸೇರಿಸಿ, ಮೇಲಿನ ಎಲ್ಲ ಸಂಗತಿಗಳೂ ಕೂಡುವ ಒಂದು ಸಾಲನ್ನು ಬಿಡಿಸಬಹುದು. `nofile` ಎಂಬ ಫೈಲು ಇಲ್ಲ, ಯಂತ್ರ ಸಾಮಾನ್ಯ ಲಿನಕ್ಸ್.

```
ls nofile 2>&1 >/dev/null | wc -l && echo A || echo B
```

ಪೈಪ್ ಎಲ್ಲಕ್ಕಿಂತ ಮೊದಲೇ ಜೋಡಣೆಯಾಗಿರುತ್ತದೆ, ಆದ್ದರಿಂದ `ls` ಶುರುವಾಗುವ ಹೊತ್ತಿಗೆ ಅದರ 1ನೇ ಬಾಗಿಲು ಕೊಳವೆಯತ್ತ ತೆರೆದಿದೆ. `2>&1` ಬಂದಾಗ ತಪ್ಪಿನ ಬಾಗಿಲೂ ಕೊಳವೆಯತ್ತ ತಿರುಗಿತು. ಬಳಿಕ `>/dev/null` ಬಂದು 1ನೆಯದನ್ನು ಮಾತ್ರ ಶೂನ್ಯಕ್ಕೆ ತಿರುಗಿಸಿತು. "ಅಂಥ ಫೈಲಿಲ್ಲ" ಎಂಬ ಒಂದು ಸಾಲಿನ ದೂರು ಕೊಳವೆಯೊಳಗೆ ಹೋಯಿತು, `wc` ಎಣಿಸಿ 1 ಎಂದಿತು, ತಾನು ಗೆದ್ದಿತು. `&&` ದಾಟಿ A ಬಂತು. `echo A` ಕೂಡ ಗೆದ್ದದ್ದರಿಂದ `||` ಆಚೆಯ B ಬರಲಿಲ್ಲ. ಉತ್ತರ: 1, ಅದರ ಕೆಳಗೆ A.

`>/dev/null` ಮುಂಚೆ, `2>&1` ಆಮೇಲೆ ಬಂದಿದ್ದರೆ ದೂರೂ ಶೂನ್ಯಕ್ಕೇ ಹೋಗಿ 0, A ಮುದ್ರಣವಾಗುತ್ತಿತ್ತು. ಸಾಲನ್ನು ಇದ್ದ ಹಾಗೇ ಇಟ್ಟು ಅದಕ್ಕೆ ಮೊದಲು `pipefail` ಹಚ್ಚಿದ್ದರೆ, `ls` ಬಿಟ್ಟುಹೋದ 2 ಎಂಬ ಸೋಲಿನ ಸಂಖ್ಯೆ ಇಡೀ ಕೊಳವೆಯದಾಗಿ, 1ರ ಕೆಳಗೆ A ಬದಲು B ಕಾಣುತ್ತಿತ್ತು.