ಒಟಿಪಿಗೆ ಊರಿನ ಸಿಮ್, ಡೇಟಾಗೆ ಅಲ್ಲಿನ ಸಿಮ್

ವಿದೇಶಕ್ಕೆ ಹೋದಾಗ ಫೋನಿಗೆ ಎರಡು ಕೆಲಸ. ಒಂದು, ಮ್ಯಾಪ್, ಕ್ಯಾಬ್, ವಾಟ್ಸ್‌ಆ್ಯಪ್‌ಗೆ ಇಂಟರ್ನೆಟ್ ಒದಗಿಸುವುದು. ಇನ್ನೊಂದು, ಬ್ಯಾಂಕಿನ ಒಟಿಪಿಯನ್ನು ನಮ್ಮ ಊರಿನ ನಂಬರಿಗೇ ತಲುಪಿಸುವುದು. ಈ ಎರಡನ್ನೂ ಒಂದೇ ಸಿಮ್‌ನ ತಲೆಗೆ ಕಟ್ಟಬೇಕಾಗಿಲ್ಲ. ಇವತ್ತಿನ ಹೆಚ್ಚಿನ ಫೋನ್‌ಗಳಲ್ಲಿ ಎರಡು ಸಿಮ್‌ಗೆ ಜಾಗವಿದೆ.

ಐದು ದಿನದ ಸಿಂಗಪುರ ಪ್ರವಾಸವನ್ನೇ ತೆಗೆದುಕೊಳ್ಳಿ. ಮೊದಲ ದಾರಿ, ನಮ್ಮ ಕಂಪನಿಯದೇ ರೋಮಿಂಗ್ ಪ್ಯಾಕ್. ನಂಬರ್ ಬದಲಾಗುವುದಿಲ್ಲ, ಸಿಮ್ ಬಿಚ್ಚುವ ಗೋಜಿಲ್ಲ, ಕರೆಗಳೂ ಬರುತ್ತವೆ. ಆದರೆ ದುಡ್ಡು ಹೆಚ್ಚು. ಎಷ್ಟೋ ಪ್ಯಾಕ್‌ಗಳಲ್ಲಿ ದಿನದ ಡೇಟಾ ಮಿತಿ ಮುಗಿದೊಡನೆ ವೇಗ ಕುಸಿಯುತ್ತದೆ. ಎರಡನೆಯದು ಟ್ರಾವೆಲ್ ಸಿಮ್ ಅಥವಾ ಇ-ಸಿಮ್. ಇದನ್ನು ಹೊರಡುವ ಮೊದಲೇ ಕೊಂಡಿಟ್ಟುಕೊಳ್ಳಬಹುದು. ಆದರೆ ಬಹುಪಾಲು ಇ-ಸಿಮ್‌ಗಳಲ್ಲಿ ಇರುವುದು ಡೇಟಾ ಮಾತ್ರ, ಕರೆ ಮಾಡಲು ನಂಬರ್ ಇರುವುದಿಲ್ಲ. ಮೂರನೆಯದು ಚಾಂಗಿ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತೋರಿಸಿ ಕೊಳ್ಳುವ ಅಲ್ಲಿನ ಪ್ರವಾಸಿ ಸಿಮ್. ಕೊಟ್ಟ ದುಡ್ಡಿಗೆ ಸಾಮಾನ್ಯವಾಗಿ ಅತಿ ಹೆಚ್ಚು ಡೇಟಾ ಸಿಗುವುದು ಇದರಲ್ಲೇ.

ಇ-ಸಿಮ್ ಕೊಳ್ಳುವವರು ಫೋನಿನಲ್ಲಿ `*#06#` ಒತ್ತಿ ನೋಡಬೇಕು. ಪರದೆಯಲ್ಲಿ `EID` ಎಂಬ ಸಂಖ್ಯೆ ಕಂಡರೆ ಆ ಫೋನಿನಲ್ಲಿ ಇ-ಸಿಮ್ ಸೌಲಭ್ಯ ಇದೆ ಎಂದರ್ಥ. ಮಾರುವವರು ಯಾರು ಎಂಬುದೂ ಮುಖ್ಯ. ಅನುಮತಿ ಇಲ್ಲದೆ ಮಾರುತ್ತಿದ್ದ ಎರಡು ವಿದೇಶಿ ಇ-ಸಿಮ್ ಆ್ಯಪ್‌ಗಳನ್ನು 2024ರ ಜನವರಿಯಲ್ಲಿ ನಮ್ಮ ದೂರಸಂಪರ್ಕ ಇಲಾಖೆ ತೆಗೆಸಿಹಾಕಿತು.

ಈಗ ಲೆಕ್ಕ. ಬೆಂಗಳೂರಿನಿಂದ ಹೊರಟ ಕುಟುಂಬದಲ್ಲಿ ಗಂಡ, ಹೆಂಡತಿ, ಕಾಲೇಜು ಓದುವ ಮಗಳು, ಅಜ್ಜಿ ಇದ್ದಾರೆ ಎನ್ನೋಣ. ಲೆಕ್ಕದ ಸಲುವಾಗಿ ರೋಮಿಂಗ್ ಪ್ಯಾಕ್‌ಗೆ 2,000 ರೂಪಾಯಿ, ಅಲ್ಲಿನ ಸಿಮ್‌ಗೆ 1,000 ರೂಪಾಯಿ ಹಿಡಿಯೋಣ. ನಾಲ್ವರಿಗೂ ಪ್ಯಾಕ್ ಹಾಕಿಸಿದರೆ 8,000. ಆದರೆ ಆಫೀಸಿನ ಕರೆ ಬರುವುದು ಗಂಡನಿಗೆ ಮಾತ್ರ, ಹಾಗಾಗಿ ಪ್ಯಾಕ್ ಅವರೊಬ್ಬರಿಗೆ ಸಾಕು. ಹೆಂಡತಿ ಅಲ್ಲಿನ ಸಿಮ್ ಕೊಂಡು ಹಾಟ್‌ಸ್ಪಾಟ್ ಹಾಕಿದರೆ ಅಜ್ಜಿಗೂ ಮಗಳಿಗೂ ಇಂಟರ್ನೆಟ್ ಸಿಗುತ್ತದೆ. ಒಟ್ಟು 3,000. ಮಗಳು ಗೆಳತಿಯ ಜೊತೆ ಬೇರೆ ಕಡೆ ಸುತ್ತಲು ಹೋಗುವುದಾದರೆ ಅವಳಿಗೂ ಒಂದು ಸಿಮ್ ಸೇರಿಸಿ 4,000. ಹಾಟ್‌ಸ್ಪಾಟ್ ಬ್ಯಾಟರಿಯನ್ನು ಬೇಗ ತಿನ್ನುತ್ತದೆ, ಆದ್ದರಿಂದ ಅಮ್ಮನ ಕೈಚೀಲದಲ್ಲಿ ಪವರ್ ಬ್ಯಾಂಕ್ ಇರಲಿ.

ಹೆಂಡತಿಯ ಊರಿನ ಸಿಮ್ ಫೋನಿನಿಂದ ಹೊರಗೆ ಬರಬಾರದು. ಒಳಬರುವ ಎಸ್‌ಎಂಎಸ್‌ಗೆ ರೋಮಿಂಗ್‌ನಲ್ಲಿ ಸಾಮಾನ್ಯವಾಗಿ ಶುಲ್ಕವಿಲ್ಲ. ಆದರೆ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಇಲ್ಲದಿದ್ದರೆ ಸಿಮ್‌ಗೆ ಅಲ್ಲಿ ನೆಟ್‌ವರ್ಕೇ ಸಿಗದು, ಒಟಿಪಿಯೂ ಬಾರದು. ಪ್ರೀಪೇಯ್ಡ್ ಆಗಿದ್ದರೆ ಪ್ಯಾಕ್ ಹಾಕಿಸದೆ ಎಸ್‌ಎಂಎಸ್ ಬರುತ್ತದೆಯೇ ಎಂದು ಕಂಪನಿಯನ್ನು ಹೊರಡುವ ಮೊದಲೇ ಕೇಳಬೇಕು. ಸಿಮ್ ತೆಗೆದರೆ ಇನ್ನೊಂದು ತಾಪತ್ರಯವಿದೆ: ಯುಪಿಐ ಆ್ಯಪ್ ಮತ್ತೆ ನೋಂದಣಿ ಕೇಳಬಹುದು. ಆಗ ಆ ಸಿಮ್‌ನಿಂದಲೇ ಎಸ್‌ಎಂಎಸ್ ಹೋಗಬೇಕು, ವಿದೇಶದಿಂದ ಕಳಿಸುವ ಎಸ್‌ಎಂಎಸ್‌ಗೆ ದುಡ್ಡು ಕೀಳುತ್ತಾರೆ. ವಾಟ್ಸ್‌ಆ್ಯಪ್ ನಂಬರ್ ಬದಲಿಸಬೇಕೇ ಎಂದು ಕೇಳಿದರೆ ಬೇಡ ಎಂದರಾಯಿತು.

ಜನ ಎಡವುವುದು ಹೆಚ್ಚಾಗಿ ಸೆಟ್ಟಿಂಗ್‌ನಲ್ಲಿ. `Data Roaming` ಎಂಬ ಗುಂಡಿ ಒಂದೊಂದು ಸಿಮ್‌ಗೂ ಬೇರೆಬೇರೆ. ಪ್ಯಾಕ್ ಇಲ್ಲದ ಊರಿನ ಸಿಮ್‌ಗೆ ಅದು ಆಫ್ ಆಗಿರಬೇಕು, ಇಲ್ಲದಿದ್ದರೆ ಡೇಟಾ ಸೋರಿ ಬಿಲ್ ಏರುತ್ತದೆ. ಟ್ರಾವೆಲ್ ಇ-ಸಿಮ್‌ಗೆ ಮಾತ್ರ ಅದು ಸಾಮಾನ್ಯವಾಗಿ ಆನ್ ಇರಬೇಕು. ಏಕೆಂದರೆ ಅದು ಬೇರಾವುದೋ ದೇಶದ ಕಂಪನಿಯದಾಗಿದ್ದು, ಸಿಂಗಪುರದಲ್ಲಿ ತಾನೇ ರೋಮಿಂಗ್‌ನಲ್ಲಿರುತ್ತದೆ. ಸಿಗ್ನಲ್ ಕಡ್ಡಿ ತುಂಬ ಇದ್ದೂ ಇಂಟರ್ನೆಟ್ ಬಾರದಿದ್ದರೆ ಮೊದಲು ನೋಡಬೇಕಾದ ಜಾಗ ಇದೇ. ಐಫೋನ್‌ನಲ್ಲಿ `Allow Cellular Data Switching` ಕೂಡ ಆಫ್ ಮಾಡಿ. ಅದು ಆನ್ ಇದ್ದರೆ, ಒಂದು ಸಿಮ್‌ನ ನೆಟ್‌ವರ್ಕ್ ಸೊರಗಿದಾಗ ಫೋನು ತಾನಾಗಿಯೇ ಇನ್ನೊಂದರ ಡೇಟಾಗೆ ಹಾರಬಲ್ಲದು.

ರೋಮಿಂಗ್ ಪ್ಯಾಕ್ ಇರುವ ಗಂಡನಿಗೆ ಬೇರೆ ಎಚ್ಚರಿಕೆ. ಸಿಂಗಪುರದ ಉತ್ತರ ತೀರದಲ್ಲಿ, ಮಲೇಷ್ಯಾ ಎದುರಿಗಿರುವ ವುಡ್‌ಲ್ಯಾಂಡ್ಸ್ ಕಡೆ, ಫೋನು ಆಚೆ ದಡದ ಟವರ್ ಹಿಡಿದುಬಿಡಬಹುದು. ಪ್ಯಾಕ್‌ನಲ್ಲಿ ಮಲೇಷ್ಯಾ ಇಲ್ಲದಿದ್ದರೆ ಅದರ ಲೆಕ್ಕ ಬೇರೆ. ಆ ಭಾಗಕ್ಕೆ ಹೋಗುವಾಗ ಆಟೊಮ್ಯಾಟಿಕ್ ಬಿಟ್ಟು, ಪ್ಯಾಕ್‌ಗೆ ಒಳಪಟ್ಟ ಸಿಂಗಪುರದ ನೆಟ್‌ವರ್ಕನ್ನೇ ಕೈಯಾರೆ ಆರಿಸಿಕೊಳ್ಳುವುದು ಕ್ಷೇಮ. ವಿಮಾನ ಹತ್ತುವಾಗ ಏರೋಪ್ಲೇನ್ ಮೋಡ್ ಹಾಕಿ. ಆಕಾಶದಲ್ಲಿ ಸಿಗುವ ನೆಟ್‌ವರ್ಕಿಗೆ ದೇಶದ ಪ್ಯಾಕ್ ಸಾಮಾನ್ಯವಾಗಿ ಅನ್ವಯಿಸದು.

ಚಾಂಗಿಯಲ್ಲಿ ಸಿಮ್ ಹಾಕಿಸಿಕೊಂಡ ಮೇಲೆ ಕೌಂಟರ್ ಬಿಡುವ ಮುಂಚೆ ವೈಫೈ ಆಫ್ ಮಾಡಿ ಮ್ಯಾಪ್ ತೆರೆಯಿರಿ. ತೆರೆಯದಿದ್ದರೆ ಸರಿಮಾಡಿಕೊಡುವವರು ಎದುರಿಗೇ ಇದ್ದಾರೆ.