ಹೆಲ್ಮೆಟ್ಟಿನ ಗುರುತು ಮತ್ತು ತಲೆಯ ಅಳತೆ

ಹೆದ್ದಾರಿಯ ಬದಿಯಲ್ಲಿ ತಾಡಪಾಲು ಹಾಸಿ ರಾಶಿ ಹಾಕಿದ ಹೆಲ್ಮೆಟ್ಟುಗಳನ್ನು ಎಲ್ಲರೂ ನೋಡಿದ್ದೇವೆ. ಅವುಗಳಲ್ಲಿ ಎಷ್ಟೋ ಹೆಲ್ಮೆಟ್ಟುಗಳ ಹಿಂಬದಿಯಲ್ಲಿ ಐಎಸ್‌ಐ ಎಂಬ ಮೂರು ಅಕ್ಷರಗಳು ಕಾಣುತ್ತವೆ. ಗುರುತು ಇದೆಯೆಂದ ಮೇಲೆ ಪೊಲೀಸರ ಕಾಟವೂ ಇಲ್ಲ, ತಲೆಯ ಚಿಂತೆಯೂ ಇಲ್ಲವೆಂದು ಭಾವಿಸಿ ಜನ ಕೊಳ್ಳುತ್ತಾರೆ. ಆದರೆ ಆ ಮೂರು ಅಕ್ಷರಗಳಷ್ಟೇ ಏನನ್ನೂ ಹೇಳುವುದಿಲ್ಲ. ಹೇಳುವುದು ಅವುಗಳ ಮೇಲೆ ಮತ್ತು ಕೆಳಗೆ ಇರುವ ಅಂಕಿಗಳು.

ಭಾರತೀಯ ಮಾನಕ ಸಂಸ್ಥೆಯು ನೀಡುವ ಗುರುತಿನಲ್ಲಿ ಮೂರು ಭಾಗಗಳಿರುತ್ತವೆ. ನಡುವೆ ಐಎಸ್‌ಐ ಎಂಬ ಚಿಹ್ನೆ. ಅದರ ಮೇಲೆ ಯಾವ ಮಾನಕದಂತೆ ವಸ್ತುವನ್ನು ಪರೀಕ್ಷಿಸಲಾಗಿದೆ ಎಂಬ ಸಂಖ್ಯೆ. ಕೆಳಗೆ ಸಿಎಂ/ಎಲ್ ಎಂದು ಆರಂಭವಾಗಿ ಏಳು ಅಥವಾ ಹತ್ತು ಅಂಕಿಗಳುಳ್ಳ ಪರವಾನಗಿ ಸಂಖ್ಯೆ. ದ್ವಿಚಕ್ರ ವಾಹನದ ಹೆಲ್ಮೆಟ್ಟಿನ ಮೇಲೆ ಇರಬೇಕಾದ ಮಾನಕ ಸಂಖ್ಯೆ ಐಎಸ್ 4151. ಈ ಸಂಖ್ಯೆಯನ್ನು ಮನನ ಮಾಡಿಕೊಂಡು ಅಂಗಡಿಗೆ ಹೋಗುವುದು ಒಳಿತು. ಏಕೆಂದರೆ ಕಟ್ಟಡ ಕೆಲಸಗಾರರು ತೊಡುವ ಹಳದಿ ಟೋಪಿಯ ಮೇಲೂ ಐಎಸ್‌ಐ ಗುರುತು ಇರುತ್ತದೆ, ಅದು ಸಾಚಾ ಗುರುತೇ ಆಗಿರಬಹುದು. ಆದರೆ ಅದರ ಸಂಖ್ಯೆ ಐಎಸ್ 2925. ಮೇಲಿನಿಂದ ಬೀಳುವ ಇಟ್ಟಿಗೆ ಚೂರನ್ನು ತಡೆಯಲೆಂದು ರೂಪಿಸಿದ ಆ ಟೋಪಿಯನ್ನು ಧರಿಸಿ ಬೈಕಿನಲ್ಲಿ ಹೋಗುವವರು ನಮ್ಮ ಊರುಗಳಲ್ಲಿ ದಿನವೂ ಕಾಣಸಿಗುತ್ತಾರೆ. ಗುರುತು ಸುಳ್ಳಲ್ಲ, ಬಳಕೆ ತಪ್ಪು.

2021ರ ಜೂನ್ 1ರಿಂದ ಐಎಸ್ 4151ಕ್ಕೆ ಅನುಗುಣವಾಗಿರದ, ಐಎಸ್‌ಐ ಗುರುತು ಇಲ್ಲದ ದ್ವಿಚಕ್ರ ಹೆಲ್ಮೆಟ್ಟನ್ನು ದೇಶದಲ್ಲಿ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಡಾಟ್ ಎಂಬ ಚೀಟಿ ಅಂಟಿಸಿದ ಹೆಲ್ಮೆಟ್ಟುಗಳನ್ನು ಕೆಲವು ಅಂಗಡಿಗಳವರು ‘ಅಮೆರಿಕದ ಗುಣಮಟ್ಟ’ ಎಂದು ಹೊಗಳಿ ಕೊಡುತ್ತಾರೆ. ಅದು ಅಮೆರಿಕದಲ್ಲಿ ತಯಾರಕರು ತಾವೇ ಘೋಷಿಸಿಕೊಂಡು ಹಾಕುವ ಗುರುತು. ಸರ್ಕಾರವು ಮಾರುಕಟ್ಟೆಯಿಂದ ಕೆಲವನ್ನು ತಂದು ನಂತರ ಪರೀಕ್ಷಿಸುತ್ತದೆ. ಯುರೋಪಿನ ಇಸಿಇ 22.06 ಗುರುತು ನಿಜಕ್ಕೂ ಕಠಿಣ ಪರೀಕ್ಷೆಯದು. ಇವೆರಡೂ ಐಎಸ್‌ಐ ಜೊತೆಗೆ ಇದ್ದರೆ ಬೇಡವೆನ್ನಬೇಕಿಲ್ಲ. ಐಎಸ್‌ಐ ಬದಲಿಗೆ ಇದ್ದರೆ ಇಲ್ಲಿ ಸಲ್ಲುವುದಿಲ್ಲ.

ಇನ್ನು ಪರವಾನಗಿ ಸಂಖ್ಯೆ. ಚಿನ್ನದ ಒಡವೆಯ ಮೇಲಿನ ಆರು ಅಕ್ಷರಾಂಕಗಳನ್ನು ಪರಿಶೀಲಿಸಲು ಬಳಸುವ BIS Care ಎಂಬ ಮೊಬೈಲ್ ಆ್ಯಪ್ಪಿನಲ್ಲಿಯೇ ಇದನ್ನೂ ಪರಿಶೀಲಿಸಬಹುದು. ಅದರಲ್ಲಿ Verify Licence Details ಎಂಬಲ್ಲಿ ಹೆಲ್ಮೆಟ್ಟಿನ ಮೇಲಿರುವ ಸಂಖ್ಯೆಯನ್ನು ನಮೂದಿಸಿದರೆ ಪರವಾನಗಿ ಪಡೆದವರ ಹೆಸರು, ವಿಳಾಸ, ಯಾವ ವಸ್ತುವಿಗೆ ಪರವಾನಗಿ, ಅದು ಈಗ ಚಾಲ್ತಿಯಲ್ಲಿದೆಯೇ ಎಂಬ ವಿವರ ಬರುತ್ತದೆ. ಇಲ್ಲಿ ‘ಸಂಖ್ಯೆ ಸಿಕ್ಕಿತು’ ಎಂದಷ್ಟಕ್ಕೆ ತೃಪ್ತರಾಗಬಾರದು. ನಕಲಿ ಮಾಡುವವನು ಬೇರೆ ಯಾರದೋ ಸಾಚಾ ಸಂಖ್ಯೆಯನ್ನೇ ಎತ್ತಿಕೊಂಡಿರಬಹುದು. ಆಗ ಆ್ಯಪ್ಪಿನಲ್ಲಿ ಪೈಪಿನದೋ ಸಿಮೆಂಟಿನದೋ ಪರವಾನಗಿ ಕಾಣಿಸಿಕೊಳ್ಳುತ್ತದೆ, ಇಲ್ಲವೇ ಹೆಲ್ಮೆಟ್ಟಿನ ಮೇಲಿರುವ ತಯಾರಕರ ಹೆಸರಿಗೂ ಅಲ್ಲಿರುವ ಹೆಸರಿಗೂ ತಾಳೆಯಾಗುವುದಿಲ್ಲ. ಹೆಸರು, ವಸ್ತು, ಚಾಲ್ತಿ ಈ ಮೂರೂ ಹೊಂದಬೇಕು. ಅಂಗಡಿಯಲ್ಲಿ ನಿಂತೇ ಎರಡು ನಿಮಿಷದಲ್ಲಿ ಮುಗಿಯುವ ಕೆಲಸವಿದು.

ಪ್ರಸಿದ್ಧ ತಯಾರಕರ ಹೆಸರನ್ನೂ ಸಂಖ್ಯೆಯನ್ನೂ ಒಟ್ಟಿಗೆ ಕದ್ದಿದ್ದರೆ ಮಾತ್ರ ಆ್ಯಪ್ಪು ಸಹಾಯಕ್ಕೆ ಬರುವುದಿಲ್ಲ. ಆಗ ಕೈಯೇ ಸಾಕ್ಷಿ. ಒಳಗಿನ ಬಟ್ಟೆಯ ಮೆತ್ತೆಯನ್ನು ತುಸು ಸರಿಸಿ ನೋಡಬೇಕು. ಅದರ ಹಿಂದೆ ಗಟ್ಟಿಯಾದ, ಒತ್ತೊತ್ತು ಕಣಗಳ ಥರ್ಮೋಕೋಲಿನ ದಪ್ಪ ಪದರವಿರಬೇಕು. ಬೆರಳಿನಿಂದ ಒತ್ತಿದರೆ ಅದು ಸ್ಪಂಜಿನಂತೆ ಒಳಗೆ ಹೋಗಬಾರದು. ರಸ್ತೆಬದಿಯ ಅಗ್ಗದ ಮಾಲಿನಲ್ಲಿ ಎಷ್ಟೋ ಸಲ ಹೊರಗಿನ ಪ್ಲಾಸ್ಟಿಕ್ ಚಿಪ್ಪು, ಅದರೊಳಗೆ ಬರಿಯ ಸ್ಪಂಜು, ಇಷ್ಟೇ ಇರುತ್ತದೆ.

ಈ ಥರ್ಮೋಕೋಲಿನ ಪದರಕ್ಕೆ ಇಷ್ಟು ಮಹತ್ತ್ವ ಏಕೆ? ಗಾಡಿಯ ಮೇಲೆ ಕುಳಿತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಗಾಡಿ ನಿಂತಿದ್ದಾಗಲೇ ಪಕ್ಕಕ್ಕೆ ಉರುಳಿ ತಲೆ ನೇರವಾಗಿ ನೆಲಕ್ಕೆ ಬಿದ್ದರೂ ಅದು ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಬಡಿಯುತ್ತದೆ. ಬರಿದಲೆ ಡಾಂಬರಿಗೆ ತಾಗಿದರೆ ಆ ವೇಗವೆಲ್ಲ ಕೆಲವೇ ಮಿಲಿಮೀಟರ್ ದೂರದಲ್ಲಿ ಸೊನ್ನೆಯಾಗಬೇಕು. ತಲೆಬುರುಡೆ ನಿಂತುಬಿಡುತ್ತದೆ, ಆದರೆ ಅದರೊಳಗಿನ ದ್ರವದಲ್ಲಿ ತೇಲುವ ಮೆದುಳು ಮುಂದಕ್ಕೆ ಸಾಗಿ ಬುರುಡೆಗೆ ಬಡಿಯುತ್ತದೆ, ರಕ್ತನಾಳಗಳು ಹರಿಯುತ್ತವೆ. ಥರ್ಮೋಕೋಲು ಪುಡಿಯಾಗುತ್ತ ಎರಡು ಸೆಂಟಿಮೀಟರ್ ಕುಗ್ಗಿತೆಂದರೆ ತಲೆ ನಿಲ್ಲಲು ಸಿಗುವ ದೂರ ಹಲವು ಪಟ್ಟು ಹೆಚ್ಚಿತು. ದೂರ ಎಷ್ಟು ಪಟ್ಟು ಹೆಚ್ಚುತ್ತದೆಯೋ ಸರಾಸರಿ ಹೊಡೆತ ಅಷ್ಟು ಪಟ್ಟು ತಗ್ಗುತ್ತದೆ. ಹೊರಚಿಪ್ಪಿನ ಕೆಲಸ ಚೂಪಾದ ವಸ್ತು ಒಳಹೊಗದಂತೆ ತಡೆಯುವುದು ಮತ್ತು ಹೊಡೆತವನ್ನು ಅಗಲವಾಗಿ ಹಂಚುವುದು. ಮೆದುಳನ್ನು ಕಾಯುವುದು ಒಳಪದರ. ಸ್ಪಂಜು ಕ್ಷಣದಲ್ಲಿ ಪೂರ್ತಿ ಕುಗ್ಗಿಬಿಡುವುದರಿಂದ ಅದು ಈ ಕೆಲಸಕ್ಕೆ ಬಾರದು.

ಮಾನಕದ ಪರೀಕ್ಷೆಯಲ್ಲಿ ನಡೆಯುವುದೂ ಇದೇ. ತಲೆಯ ಆಕಾರದ ಅಚ್ಚಿಗೆ ಹೆಲ್ಮೆಟ್ಟು ತೊಡಿಸಿ, ಪಟ್ಟಿ ಬಿಗಿದು, ಎತ್ತರದಿಂದ ಗಟ್ಟಿಯಾದ ಅಡಿಗಲ್ಲಿನ ಮೇಲೆ ಬೀಳಿಸುತ್ತಾರೆ. ಬಿಸಿಯಲ್ಲಿ, ಶೀತದಲ್ಲಿ, ನೀರಿನಲ್ಲಿ ಇಟ್ಟ ಬಳಿಕವೂ ಹೊಡೆತ ತಡೆಯುವುದೇ ಎಂದು ನೋಡುತ್ತಾರೆ. ಗಲ್ಲದ ಪಟ್ಟಿಯನ್ನು ಎಳೆದು ಪರೀಕ್ಷಿಸುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಅಚ್ಚಿನ ಅಳತೆಗೂ ಹೆಲ್ಮೆಟ್ಟಿನ ಅಳತೆಗೂ ಸರಿಯಾದ ಹೊಂದಿಕೆ ಇರುತ್ತದೆ, ಪಟ್ಟಿ ಬಿಗಿದಿರುತ್ತದೆ. ಆದ್ದರಿಂದ ಗುರುತು ಕೊಡುವ ಭರವಸೆ ತಲೆಗೆ ಹೊಂದುವ, ಪಟ್ಟಿ ಬಿಗಿದ ಹೆಲ್ಮೆಟ್ಟಿಗೆ ಮಾತ್ರ. ಸಡಿಲವಾದ ಹೆಲ್ಮೆಟ್ಟು ಎಷ್ಟೇ ಸಾಚಾ ಆಗಿದ್ದರೂ ಮೊದಲ ಪೆಟ್ಟಿಗೆ ಹಾರಿಹೋಗಿ, ಎರಡನೆಯ ಪೆಟ್ಟು ಬೀಳುವಾಗ ತಲೆಯ ಮೇಲೆ ಇರುವುದೇ ಇಲ್ಲ.

ಅಳತೆಯ ಕ್ರಮವನ್ನು ಒಂದು ಉದಾಹರಣೆಯಿಂದಲೇ ನೋಡೋಣ. ಕಾಲೇಜಿಗೆ ಸ್ಕೂಟರಿನಲ್ಲಿ ಹೋಗುವ ಮಗಳಿಗೆ ತಂದೆ ಹೆಲ್ಮೆಟ್ಟು ಕೊಡಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ದರ್ಜಿಯವರು ಬಳಸುವ ಟೇಪನ್ನು ಹುಬ್ಬಿನಿಂದ ಸುಮಾರು ಎರಡು ಸೆಂಟಿಮೀಟರ್ ಮೇಲೆ, ಕಿವಿಗಳ ಮೇಲ್ಭಾಗದಿಂದ ಹಾಯಿಸಿ, ಹಿಂದೆ ತಲೆ ಅತ್ಯಂತ ಉಬ್ಬಿರುವಲ್ಲಿ ಸುತ್ತಬೇಕು. ಎರಡು ಮೂರು ಸಲ ಅಳೆದು ಅತಿ ಹೆಚ್ಚು ಬಂದ ಅಳತೆಯನ್ನು ಹಿಡಿಯಬೇಕು. ಅವಳದು 57 ಸೆಂಟಿಮೀಟರ್ ಬಂತು. ನಮ್ಮಲ್ಲಿ ಮಾರಾಟವಾಗುವ ಹೆಲ್ಮೆಟ್ಟುಗಳ ಒಳಚೀಟಿಯಲ್ಲಿ ಸಾಮಾನ್ಯವಾಗಿ 560, 580, 600 ಮಿಲಿಮೀಟರ್ ಎಂಬ ಅಳತೆಗಳಿರುತ್ತವೆ. ಅಂಗಡಿಯಾತ 600ರದ್ದನ್ನು ಕೊಟ್ಟು, ‘ಸಲೀಸಾಗಿ ಹೋಗುತ್ತದೆ ನೋಡಿ’ ಎನ್ನುತ್ತಾನೆ. ಸುತ್ತಳತೆಯಲ್ಲಿ ಮೂರು ಸೆಂಟಿಮೀಟರ್ ಹೆಚ್ಚಾದರೆ ತಲೆಯ ಸುತ್ತ ಅರ್ಧ ಸೆಂಟಿಮೀಟರ್ ಸಂದು ಉಳಿಯಿತು. ತಲೆ ಒಂದು ಬದಿಗೆ ಸರಿದರೆ ಇನ್ನೊಂದು ಬದಿಯಲ್ಲಿ ಅದು ಒಂದು ಸೆಂಟಿಮೀಟರ್. ಮೊದಲ ದಿನದಿಂದಲೇ ಸಲೀಸಾಗಿ ಹೋಗುವ ಹೆಲ್ಮೆಟ್ಟು, ಮೆತ್ತೆ ಕುಳಿತ ಮೇಲೆ ಇನ್ನಷ್ಟು ಸಡಿಲವಾಗುತ್ತದೆ.

ಆದ್ದರಿಂದ ಅವಳು 580ರದ್ದನ್ನು ತೊಟ್ಟು ನೋಡಬೇಕು. ಪಟ್ಟಿಗಳನ್ನು ಎರಡೂ ಕೈಯಿಂದ ಅಗಲಿಸಿ ತೊಡುವಾಗ ಕೆನ್ನೆಗೆ ತುಸು ಬಿಗಿಯೆನಿಸುವುದು ಸರಿಯೇ. ಕೆನ್ನೆಯ ಮೆತ್ತೆ ಕೆಲವು ವಾರಗಳಲ್ಲಿ ಒಗ್ಗುತ್ತದೆ. ಹಣೆಯ ಬಿಗಿ ಹಾಗಲ್ಲ. ಅಂಗಡಿಯಲ್ಲಿಯೇ ಹತ್ತು ಹದಿನೈದು ನಿಮಿಷ ತೊಟ್ಟು ಕುಳಿತು, ತೆಗೆದಾಗ ಹಣೆಯ ಮಧ್ಯೆ ಕೆಂಪು ಗುರುತು ಬಿದ್ದು ನೋವಾದರೆ ಅವಳ ತಲೆಯ ಆಕಾರಕ್ಕೂ ಆ ಹೆಲ್ಮೆಟ್ಟಿನ ಒಳಗಿನ ಆಕಾರಕ್ಕೂ ಹೊಂದಿಕೆಯಿಲ್ಲ. ಆಗ ದೊಡ್ಡ ಅಳತೆಗೆ ಹೋಗದೆ ಬೇರೆ ತಯಾರಕರ ಅದೇ ಅಳತೆಯನ್ನು ನೋಡಬೇಕು. ಒಬ್ಬ ತಯಾರಕರ 580 ಇನ್ನೊಬ್ಬರ 580ಕ್ಕೆ ಸಮನಾಗಿಯೇ ಇರುತ್ತದೆಂದು ಹೇಳಲಾಗದು.

ಪಟ್ಟಿ ಬಿಗಿದ ಮೇಲೆ ಎರಡು ಪರೀಕ್ಷೆ. ಹೆಲ್ಮೆಟ್ಟನ್ನು ಎರಡೂ ಕೈಯಿಂದ ಹಿಡಿದು ಎಡಬಲಕ್ಕೆ ತಿರುಗಿಸಿದಾಗ ಹಣೆಯ ಚರ್ಮವೂ ಜೊತೆಗೆ ಎಳೆಯಲ್ಪಡಬೇಕು. ಹೆಲ್ಮೆಟ್ಟು ಮಾತ್ರ ತಿರುಗಿ ತಲೆ ನಿಂತಲ್ಲೇ ಇದ್ದರೆ ಅದು ದೊಡ್ಡದು. ಬಳಿಕ ತಂದೆ ಹಿಂದೆ ನಿಂತು ಹೆಲ್ಮೆಟ್ಟಿನ ಹಿಂಬದಿಯ ಕೆಳ ಅಂಚನ್ನು ಮೇಲಕ್ಕೂ ಮುಂದಕ್ಕೂ ತಳ್ಳಬೇಕು. ಅದು ಕಣ್ಣಿನ ಮೇಲೆ ಉರುಳಿ ಕಳಚುವಂತಾದರೆ, ಬಿದ್ದಾಗಲೂ ಹಾಗೆಯೇ ಕಳಚುತ್ತದೆ. ಈ ಎರಡನೆಯ ಪರೀಕ್ಷೆಯನ್ನು ಮಾಡುವವರೇ ವಿರಳ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಅಂಗಡಿಯಲ್ಲಿ ಇನ್ನೊಂದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ತುರುಬಿನದೊಂದು ತೊಡಕಿದೆ. ತಲೆಯ ಹಿಂದೆ ಎತ್ತರದಲ್ಲಿ ತುರುಬು ಕಟ್ಟಿದರೆ ಹೆಲ್ಮೆಟ್ಟು ಹಿಂದೆ ಮೇಲೆದ್ದು ಮುಂದಕ್ಕೆ ವಾಲುತ್ತದೆ. ಅದಕ್ಕೆಂದು ದೊಡ್ಡ ಅಳತೆ ಕೊಂಡರೆ ಮೇಲೆ ಹೇಳಿದ ಸಂದು ಉಳಿಯುತ್ತದೆ. ಕತ್ತಿನ ಬಳಿ ಕೆಳಗೆ ಜಡೆ ಹೆಣೆದು ತೊಡುವುದೇ ಸರಿ, ಅಂಗಡಿಯಲ್ಲಿ ಅಳತೆ ನೋಡುವಾಗಲೂ ಹಾಗೆಯೇ ಇರಬೇಕು. ರುಮಾಲು ಸುತ್ತುವ ನಮ್ಮ ಹಿರಿಯರಿಗೂ ಇದೇ ಮಾತು. ರುಮಾಲಿನ ಮೇಲೆ ಹೆಲ್ಮೆಟ್ಟು ಕೂರುವುದಿಲ್ಲ, ಮತ್ತು ಕಾನೂನಿನ ವಿನಾಯಿತಿ ಇರುವುದು ಪೇಟ ಧರಿಸಿದ ಸಿಖ್ಖರಿಗೆ. ಜಾತ್ರೆಗೋ ಸಮಾರಂಭಕ್ಕೋ ಗಾಡಿಯಲ್ಲಿ ಹೊರಟವರು ರುಮಾಲನ್ನು ಕೈಚೀಲದಲ್ಲಿಟ್ಟುಕೊಂಡು ಹೋಗಬಹುದು.

ಪಟ್ಟಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗಲ್ಲದ ಕೆಳಗೆ ಎರಡು ಬೆರಳು ಮಾತ್ರ ನುಸುಳುವಷ್ಟು ಬಿಗಿ ಸಾಕು. ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಹೆಲ್ಮೆಟ್ಟು ತಲೆಯ ಮೇಲಿದ್ದರೆ ಸಾಕೆನ್ನುವುದಿಲ್ಲ, ಪಟ್ಟಿಯಿಂದ ಭದ್ರವಾಗಿ ಬಿಗಿದಿರಬೇಕೆನ್ನುತ್ತದೆ. ನಾಲ್ಕು ವರ್ಷ ಮೀರಿದ ಎಲ್ಲರಿಗೂ, ಹಿಂದೆ ಕುಳಿತವರಿಗೂ ಅದು ಅನ್ವಯಿಸುತ್ತದೆ. ಮನೆಯ ಎರಡನೆಯ ಹೆಲ್ಮೆಟ್ಟು ಕೇವಲ ದಂಡ ತಪ್ಪಿಸಲೆಂದು ಕೊಂಡ ಅರ್ಧ ಟೋಪಿಯಾಗಿರುವುದು ಸಾಮಾನ್ಯ. ಹಿಂದೆ ಕುಳಿತವರ ತಲೆಯೂ ಅದೇ ಎತ್ತರದಿಂದ, ಅದೇ ಡಾಂಬರಿನ ಮೇಲೆ ಬೀಳುತ್ತದೆ.

ಕೊಂಡ ಮೇಲೆ ಅದನ್ನು ಗಾಡಿಯ ಕನ್ನಡಿಗೆ ಸಿಕ್ಕಿಸಿಡಬಾರದು. ಕನ್ನಡಿಯ ಅಂಚು ಥರ್ಮೋಕೋಲನ್ನು ಒಳಗಿನಿಂದ ಒತ್ತಿ ಗುಳಿ ಮಾಡುತ್ತದೆ. ಪೆಟ್ರೋಲು, ಬಣ್ಣ ತೆಳುಗೊಳಿಸುವ ಥಿನ್ನರ್ ತಾಗಿದರೆ ಅದು ಕರಗಿಯೇ ಹೋಗುತ್ತದೆ. ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಅಪಘಾತದಲ್ಲಿ ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟಿನ ಹೊರಚಿಪ್ಪು ಎಷ್ಟೇ ಸರಿಯಾಗಿ ಕಂಡರೂ ಒಳಗೆ ಕುಗ್ಗಿದ ಪದರ ಮತ್ತೆ ಉಬ್ಬುವುದಿಲ್ಲ. ಅದೇ ಜಾಗಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ತಡೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಅಂಥದ್ದನ್ನು ತೋಟದ ಆಳಿಗೋ ನೆಂಟರ ಹುಡುಗನಿಗೋ ಕೊಡದೆ, ಗಲ್ಲದ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ, ಇನ್ನಾರೂ ತೊಡಲಾಗದಂತೆ ಮಾಡಿ ಎಸೆಯಬೇಕು.