ತಂತಿಯ ಕೊನೆಯಲ್ಲೊಂದು ಕಣ್ಣು

ಮನೆಯಲ್ಲೇ ಗೇಮಿಂಗ್ ಕಂಪ್ಯೂಟರ್ ಜೋಡಿಸುವವರಿಗೆ ಚೆನ್ನಾಗಿ ಗೊತ್ತಿರುವ ತಲೆನೋವೊಂದಿದೆ. ಗ್ರಾಫಿಕ್ಸ್ ಕಾರ್ಡನ್ನು ಮದರ್‌ಬೋರ್ಡಿಗೆ ನೇರವಾಗಿ ಸಿಕ್ಕಿಸದೆ, ಚೆಂದ ಕಾಣಲೆಂದು ಗಾಜಿನ ಕಡೆಗೆ ತಿರುಗಿಸಿ ನಿಲ್ಲಿಸುತ್ತಾರೆ. ಎರಡರ ನಡುವೆ ರೈಸರ್ ಕೇಬಲ್ ಎಂಬ ಗೇಣುದ್ದದ ಪಟ್ಟಿ ಬರುತ್ತದೆ. ಹಳೆಯ ಕಾರ್ಡಿಗೆ ವರ್ಷಗಟ್ಟಲೆ ದುಡಿದ ಅದೇ ಪಟ್ಟಿಗೆ ಹೊಸ ಕಾರ್ಡ್ ಸಿಕ್ಕಿಸಿದರೆ ಪರದೆ ಕಪ್ಪಾಗುತ್ತದೆ, ಇಲ್ಲವೇ ಆಟದ ನಡುವೆ ಯಂತ್ರ ನಿಂತುಬಿಡುತ್ತದೆ. ಬಯಾಸ್‌ಗೆ ಹೋಗಿ ಪಿಸಿಐ ಎಕ್ಸ್‌ಪ್ರೆಸ್ ವೇಗವನ್ನು ಒಂದು ಮೆಟ್ಟಿಲು ಇಳಿಸಿದರೆ ಎಲ್ಲವೂ ಸರಿ. ಲಿನಕ್ಸ್‌ನಲ್ಲಿ `lspci -vv` ಎಂದು ಕೇಳಿದರೆ ಇಂಥದೊಂದು ಸಾಲು ಕಾಣುತ್ತದೆ:

```
LnkSta: Speed 8GT/s (downgraded), Width x16
```

ಕೇಬಲ್ ತುಂಡಾಗಿಲ್ಲ, ಕಾರ್ಡ್ ಕೆಟ್ಟಿಲ್ಲ. ಸೆಕೆಂಡಿಗೆ 1,600 ಕೋಟಿ ಬಿಟ್‌ಗಳನ್ನು ಸಾಗಿಸಬೇಕಿದ್ದ ಜೋಡಿ ತಂತಿ 800 ಕೋಟಿಗೆ ಒಪ್ಪಿಕೊಂಡಿದೆ, ಅಷ್ಟೆ. ಹೀಗೇಕಾಯಿತು ಎಂದು ತಿಳಿಯಲು ಎಂಜಿನಿಯರುಗಳು ನೋಡುವ ಚಿತ್ರಕ್ಕೆ ಐ ಡಯಗ್ರಾಮ್ ಎಂದು ಹೆಸರು. ಕನ್ನಡದಲ್ಲಿ ಕಣ್ಣಿನ ಚಿತ್ರ ಎನ್ನಬಹುದು.

ಅದನ್ನು ಬರೆಯುವ ಬಗೆ ಸರಳ. ತಂತಿಯ ಕೊನೆಯಲ್ಲಿ ವೋಲ್ಟೇಜ್ ಏರಿಳಿಯುವುದನ್ನು ಆಸಿಲೋಸ್ಕೋಪ್ ದಾಖಲಿಸುತ್ತದೆ. ಆ ಉದ್ದನೆಯ ಗೆರೆಯನ್ನು ಒಂದೊಂದು ಬಿಟ್ಟಿನ ಅಗಲಕ್ಕೆ, ಅಕ್ಕಪಕ್ಕ ತುಸು ಹೆಚ್ಚು ಸೇರಿಸಿ, ಕತ್ತರಿಸಿ ಎಲ್ಲ ತುಂಡುಗಳನ್ನೂ ಒಂದರ ಮೇಲೊಂದು ಇಡಬೇಕು. ಒಂದು ತುಂಡಿನಲ್ಲಿ ಗೆರೆ ಮೇಲೆಯೇ ಸಾಗಿದೆ, ಇನ್ನೊಂದರಲ್ಲಿ ಕೆಳಗೆ; ಮತ್ತೊಂದರಲ್ಲಿ ಏರಿದೆ, ಮಗದೊಂದರಲ್ಲಿ ಇಳಿದಿದೆ. ಲಕ್ಷಾಂತರ ತುಂಡುಗಳು ಕೂಡಿದಾಗ ನಡುವೆ ಯಾವ ಗೆರೆಯೂ ಹಾಯದ ಖಾಲಿ ಜಾಗ ಉಳಿಯುತ್ತದೆ. ಎರಡು ತುದಿ ಚೂಪು, ನಡು ಅಗಲ: ಬಿಡಿಸಿದ ಕಣ್ಣಿನಂತೆ.

ಅತ್ತ ತುದಿಯಲ್ಲಿರುವ ಚಿಪ್ ಪ್ರತಿ ಬಿಟ್ಟಿಗೂ ಒಮ್ಮೆ, ಒಂದು ಕ್ಷಣದಲ್ಲಿ, ಒಂದೇ ಪ್ರಶ್ನೆ ಕೇಳುತ್ತದೆ: ವೋಲ್ಟೇಜ್ ನಡುಗೆರೆಯ ಮೇಲಿದೆಯೇ, ಕೆಳಗಿದೆಯೇ? ಮೇಲಿದ್ದರೆ ಒಂದು, ಕೆಳಗಿದ್ದರೆ ಸೊನ್ನೆ. ಆ ಪ್ರಶ್ನೆ ಕಣ್ಣಿನ ಖಾಲಿ ಜಾಗದೊಳಗೆ ಬಿದ್ದರೆ ಉತ್ತರ ಸರಿ, ರೆಪ್ಪೆಯ ಗೆರೆಗಳ ಮೇಲೆ ಬಿದ್ದರೆ ತಪ್ಪಬಹುದು. ಕಣ್ಣಿನ ಎತ್ತರ ವೋಲ್ಟೇಜಿನಲ್ಲಿ ಎಷ್ಟು ಎಡವಬಹುದು ಎಂಬುದರ ಅಳತೆಯಾದರೆ, ಅಗಲ ಸಮಯದಲ್ಲಿ ಎಷ್ಟು ಎಡವಬಹುದು ಎಂಬುದರ ಅಳತೆ.

ಸೆಕೆಂಡಿಗೆ 800 ಕೋಟಿ ಬಿಟ್ ಎಂದರೆ ಒಂದು ಬಿಟ್ಟಿಗೆ ಸಿಗುವುದು 125 ಪಿಕೋಸೆಕೆಂಡ್. ಸರ್ಕ್ಯೂಟ್ ಬೋರ್ಡಿನಲ್ಲಿ ಸಿಗ್ನಲ್ ಅಷ್ಟು ಹೊತ್ತಿನಲ್ಲಿ ಎರಡು ಸೆಂಟಿಮೀಟರನ್ನೂ ದಾಟುವುದಿಲ್ಲ. ಹೀಗಾಗಿ ಗೇಣುದ್ದದ ದಾರಿಯಲ್ಲಿ ಹತ್ತಾರು ಬಿಟ್‌ಗಳು ಒಂದರ ಬೆನ್ನಿಗೊಂದು ಓಡುತ್ತಿರುತ್ತವೆ. ಒಂದನ್ನೊಂದು ಕೆಡಿಸುವುದೂ ಅಲ್ಲಿಯೇ.

ಕೆಡಿಸುವ ಮೊದಲ ಕಾರಣ ನಷ್ಟ. ಆವರ್ತನ ಏರಿದಂತೆ ವಿದ್ಯುತ್ತು ತಾಮ್ರದ ಒಳಗೆಲ್ಲ ಹರಿಯದೆ ಹೊರಮೈಗೆ ಅಂಟಿಕೊಳ್ಳುತ್ತದೆ. 4 ಗಿಗಾಹರ್ಟ್ಸ್‌ನಲ್ಲಿ ಆ ಪದರದ ದಪ್ಪ ಸುಮಾರು ಒಂದು ಮೈಕ್ರಾನ್. ಹಾದಿ ಕಿರಿದಾದಂತೆ ಪ್ರತಿರೋಧ ಹೆಚ್ಚುತ್ತದೆ. ತಾಮ್ರದ ಸುತ್ತಲಿನ ಗಾಜಿನಾರು-ಎಪಾಕ್ಸಿಯೂ ವೇಗದ ಏರಿಳಿತವನ್ನು ಶಾಖವಾಗಿ ನುಂಗುತ್ತದೆ. ನಿಧಾನವಾಗಿ ಬದಲಾಗುವ ಸಿಗ್ನಲ್ ಹೆಚ್ಚುಕಡಿಮೆ ಇಡಿಯಾಗಿ ತಲುಪಿದರೆ, ಬೇಗ ಬದಲಾಗುವುದು ಸೊರಗಿ ತಲುಪುತ್ತದೆ.

ಇದರ ಪೆಟ್ಟು ಬೀಳುವುದು ಒಂಟಿ ಬಿಟ್ಟಿನ ಮೇಲೆ. ಸಾಲಾಗಿ ಎಂಟು ಒಂದುಗಳು ಬಂದು, ಆಮೇಲೆ ಒಂದೇ ಒಂದು ಸೊನ್ನೆ, ಮತ್ತೆ ಒಂದುಗಳು ಎಂದುಕೊಳ್ಳಿ. ಒಂದಕ್ಕೆ +400, ಸೊನ್ನೆಗೆ −400 ಮಿಲಿವೋಲ್ಟ್. ಎಂಟು ಒಂದುಗಳ ಹೊತ್ತಿಗೆ ತಂತಿಯ ಕೊನೆ ನಿಧಾನವಾಗಿ +400ಕ್ಕೆ ಏರಿ ಕೂತಿದೆ. ಈಗ ಸೊನ್ನೆಗಾಗಿ 800 ಮಿಲಿವೋಲ್ಟ್ ಇಳಿಯಬೇಕು, ಸಿಕ್ಕಿರುವುದು 125 ಪಿಕೋಸೆಕೆಂಡ್. ಅಷ್ಟರಲ್ಲಿ ದಾರಿಯ ಶೇ. 60ರಷ್ಟು ಸಾಗಿದರೆ 480 ಇಳಿದು −80 ಮುಟ್ಟುತ್ತದೆ. ನಡುಗೆರೆ ದಾಟಿತು, ಸೊನ್ನೆ ಎಂದು ಓದಿಕೊಳ್ಳಬಹುದು. ಸೊನ್ನೆಗಳ ನಡುವಿನ ಒಂಟಿ ಒಂದು ಇದೇ ಲೆಕ್ಕದಲ್ಲಿ +80ಕ್ಕೆ ಏರುತ್ತದೆ. ಕಳಿಸಿದ್ದು 800 ಎತ್ತರದ ಕಣ್ಣು, ತಲುಪಿದ್ದು 160ರದ್ದು.

ವೇಗವನ್ನು ಇಮ್ಮಡಿಸಿದರೆ? ತಂತಿ ಅದೇ, ಸಮಯ ಮಾತ್ರ 62.5 ಪಿಕೋಸೆಕೆಂಡ್. ಅಷ್ಟರಲ್ಲಿ ಶೇ. 45 ಮಾತ್ರ ಸಾಗಿದರೆ 360 ಇಳಿದು +40ರಲ್ಲಿ ನಿಲ್ಲುತ್ತದೆ. ಕಳಿಸಿದ್ದು ಸೊನ್ನೆ, ಓದಿದ್ದು ಒಂದು. ಈ ಸಾಲು ಬಂದಾಗಲೆಲ್ಲ ಇದೇ ತಪ್ಪು ಮರುಕಳಿಸುತ್ತದೆ, ಕಣ್ಣು ಪೂರ್ತಿ ಮುಚ್ಚಿದೆ. ರೈಸರ್ ಕೇಬಲಿನ ಕಥೆಯ ತಿರುಳು ಇದು. ಅಲ್ಲಿ ಕನೆಕ್ಟರಿನಿಂದ ಮರಳಿ ಬರುವ ಪ್ರತಿಫಲನವೂ ಪಕ್ಕದ ತಂತಿಯ ಸೋರಿಕೆಯೂ ಸೇರಿ ಇದನ್ನು ಇನ್ನಷ್ಟು ಬಿಗಡಾಯಿಸುತ್ತವೆ.

ಜೋರಾಗಿ ಕಳಿಸಿದರಾಯಿತಲ್ಲ ಎಂದು ಯಾರಿಗೂ ಅನ್ನಿಸುತ್ತದೆ. 400ರ ಜಾಗದಲ್ಲಿ 800 ಇಟ್ಟರೆ +40 ಇದ್ದದ್ದು +80 ಆಗುತ್ತದೆ, ತಪ್ಪು ದೊಡ್ಡದಾಗುತ್ತದೆ. ಮದ್ದು ಇರುವುದು ತದ್ವಿರುದ್ಧ ದಿಕ್ಕಿನಲ್ಲಿ. ಬಿಟ್ ಬದಲಾದಾಗ ಮಾತ್ರ ಪೂರ್ತಿ 400 ಕೊಟ್ಟು, ಅದೇ ಬಿಟ್ ಮುಂದುವರಿದರೆ ಅರ್ಧಕ್ಕೆ, ಅಂದರೆ 200ಕ್ಕೆ ತಗ್ಗಿಸಬೇಕು. ಆಗ ಎಂಟು ಒಂದುಗಳ ಕೊನೆಗೆ ತಂತಿ +200ರಲ್ಲಿರುತ್ತದೆ. ಒಂಟಿ ಸೊನ್ನೆ ಅಲ್ಲಿಂದ −400ರತ್ತ 600 ಮಿಲಿವೋಲ್ಟ್ ದಾರಿ ಹಿಡಿಯುತ್ತದೆ. ಅದರ ಶೇ. 45 ಎಂದರೆ 270, ಮುಟ್ಟಿದ್ದು −70. ದನಿ ತಗ್ಗಿಸಿದ್ದರಿಂದ ಮುಚ್ಚಿದ ಕಣ್ಣು ತೆರೆಯಿತು. ಡಿ-ಎಂಫಸಿಸ್ ಎನ್ನುವುದು ಇದಕ್ಕೇ. ಸ್ವೀಕರಿಸುವ ಚಿಪ್ಪಿನಲ್ಲೂ ಇಂಥ ಉಪಾಯಗಳಿವೆ. ಒಂದು ಸರ್ಕ್ಯೂಟ್ ಸೊರಗಿದ ಮೇಲಿನ ಆವರ್ತನಗಳನ್ನು ಎತ್ತಿ ಹಿಡಿಯುತ್ತದೆ, ಜೊತೆಗೆ ಗದ್ದಲವನ್ನೂ ಎತ್ತುತ್ತದೆ. ಇನ್ನೊಂದು, ಈಗಾಗಲೇ ಓದಿದ ಬಿಟ್‌ಗಳ ಬಾಲ ಎಷ್ಟು ಉಳಿದಿರಬೇಕೆಂದು ಲೆಕ್ಕ ಹಾಕಿ ಹೊಸ ಬಿಟ್ಟಿನಿಂದ ಕಳೆಯುತ್ತದೆ.

ಎರಡನೆಯ ಕಾರಣ ಜಿಟ್ಟರ್. ಇಲ್ಲಿ ಕೆಡುವುದು ಎತ್ತರವಲ್ಲ, ತಾಳ. ಗೆರೆ ನಡುಗೆರೆಯನ್ನು ಹಾಯಬೇಕಾದ ಕ್ಷಣಕ್ಕಿಂತ ತುಸು ಮೊದಲೋ ಆಮೇಲೋ ಹಾಯುತ್ತದೆ. ಕಣ್ಣಿನ ಎರಡು ಚೂಪು ತುದಿಗಳು ದಪ್ಪಗಾಗಿ ಕಣ್ಣು ಪಕ್ಕಗಳಿಂದ ಕಿರಿದಾಗುತ್ತದೆ.

ಜಿಟ್ಟರಿನಲ್ಲೂ ಎರಡು ಜಾತಿ. ನಿರ್ದಿಷ್ಟ ಕಾರಣವಿರುವುದಕ್ಕೆ ಮಿತಿಯಿದೆ: ಹಿಂದಿನ ಬಿಟ್‌ಗಳ ಬಾಲ, ಪವರ್ ಸಪ್ಲೈನಿಂದ ನುಸುಳುವ ಏರಿಳಿತ, ಒಂದು ಮತ್ತು ಸೊನ್ನೆಯ ಅಗಲದಲ್ಲಿನ ಅಸಮತೆ. ಇವೆಲ್ಲ ಸೇರಿ 40 ಪಿಕೋಸೆಕೆಂಡ್ ಅಲುಗಿಸಿದರೆ ಎಷ್ಟು ಹೊತ್ತು ಕಾದರೂ 40 ದಾಟುವುದಿಲ್ಲ. ಇನ್ನೊಂದು ಜಾತಿ ಎಲೆಕ್ಟ್ರಾನ್‌ಗಳ ಉಷ್ಣ ಗದ್ದಲದಿಂದ ಹುಟ್ಟುವ ಯಾದೃಚ್ಛಿಕ ಜಿಟ್ಟರ್. ಗಂಟೆಯಾಕಾರದ ಹಂಚಿಕೆಯ ಇದಕ್ಕೆ ಅಂಚೆಂಬುದಿಲ್ಲ. ಹೆಚ್ಚು ಹೊತ್ತು ಕಾದಷ್ಟೂ ದೂರದ ಬಿಂದುಗಳು ಕಾಣಿಸುತ್ತವೆ.

ಲಕ್ಷ ಕೋಟಿ ಬಿಟ್ಟಿಗೆ ಒಂದು ತಪ್ಪನ್ನು ಮಾತ್ರ ಸಹಿಸುವುದು ಇಂಥ ಕೊಂಡಿಗಳ ರೂಢಿಯ ಲೆಕ್ಕ. ಸೆಕೆಂಡಿಗೆ 800 ಕೋಟಿ ಹರಿಯುವಲ್ಲಿ ಅದು 125 ಸೆಕೆಂಡಿಗೊಂದು ತಪ್ಪು. ಆ ಗುರಿಗೆ ಯಾದೃಚ್ಛಿಕ ಜಿಟ್ಟರಿನ ಪ್ರಮಾಣ ವಿಚಲನೆಯನ್ನು ಸುಮಾರು 14ರಿಂದ ಗುಣಿಸುತ್ತಾರೆ. ವಿಚಲನೆ 2 ಪಿಕೋಸೆಕೆಂಡ್ ಇದ್ದರೆ 28; ಮೇಲಿನ 40 ಸೇರಿದರೆ 68. ಬಿಟ್ಟಿನ 125ರಲ್ಲಿ ಉಳಿದದ್ದು 57. ಕೆಲವೇ ಸೆಕೆಂಡು ಕೂಡಿಸಿದ ಚಿತ್ರದಲ್ಲಿ ಕಣ್ಣು ಇದಕ್ಕಿಂತ ಅಗಲವಾಗಿಯೇ ಕಾಣುತ್ತದೆ. ಅದನ್ನು ನಂಬಿ ಬೋರ್ಡ್ ಪಾಸು ಮಾಡಿದರೆ ತಪ್ಪು ಗಿರಾಕಿಯ ಮೇಜಿನ ಮೇಲೆ ತೋರಿಕೊಳ್ಳುತ್ತದೆ.

ಕಣ್ಣು ಮುಚ್ಚಿಸಿದ್ದು ಯಾವುದು ಎಂದು ಪತ್ತೆ ಹಚ್ಚಲು ಎರಡು ಪರೀಕ್ಷೆ ಸಾಕಾಗುವುದುಂಟು. ಮೊದಲು ಒಂದು-ಸೊನ್ನೆ-ಒಂದು-ಸೊನ್ನೆ ಎಂಬ ಸಾಲನ್ನಷ್ಟೇ ಕಳಿಸಿ ನೋಡಬೇಕು. ಆಗ ಪ್ರತಿ ಬಿಟ್ಟಿಗೂ ಒಂದೇ ಇತಿಹಾಸ, ಹಳೆಯ ಬಾಲಗಳ ಗೊಂದಲವಿಲ್ಲ. ಈ ಸಾಲಿಗೆ ತೆಳುವಾಗಿದ್ದ ಗೆರೆಗಳು ಕಲಸಿದ ಬಿಟ್‌ಗಳನ್ನು ಕಳಿಸಿದಾಗ ಹಲವು ಎಳೆಗಳಾಗಿ ಸೀಳಿ ಕಣ್ಣನ್ನು ಮುಚ್ಚಿದರೆ ದೋಷ ತಂತಿಯ ನಷ್ಟದ್ದು. ಎರಡರಲ್ಲೂ ಅಂಚುಗಳು ಒಂದೇ ಸಮ ಮಸುಕಾಗಿದ್ದರೆ ಗಡಿಯಾರವನ್ನೋ ಪವರ್ ಸಪ್ಲೈಯನ್ನೋ ಶಂಕಿಸಬೇಕು. ಎರಡನೆಯದಾಗಿ, ಕಳಿಸುವ ಚಿಪ್ಪಿನ ಪಕ್ಕದಲ್ಲೇ ಅಳೆಯಬೇಕು. ಅಲ್ಲೂ ಕಣ್ಣು ಕಿರಿದಾಗಿದ್ದರೆ ಕೇಬಲ್ ಬದಲಿಸಿ ಉಪಯೋಗವಿಲ್ಲ. ನಷ್ಟಕ್ಕೆ ಈಕ್ವಲೈಸರ್ ಮದ್ದು. ಯಾದೃಚ್ಛಿಕ ಜಿಟ್ಟರಿಗೆ ಯಾವ ಈಕ್ವಲೈಸರೂ ನಾಟುವುದಿಲ್ಲ, ಗಡಿಯಾರವನ್ನೇ ಸುಧಾರಿಸಬೇಕು.

ಆದರೂ ಎರಡೂ ಪೂರ್ತಿ ಬೇರೆಯಲ್ಲ. ನಷ್ಟ ಗೆರೆಯ ಏರನ್ನು ಓರೆಯಾಗಿಸುತ್ತದೆ. ಪಿಕೋಸೆಕೆಂಡಿಗೆ 10 ಮಿಲಿವೋಲ್ಟ್ ಏರುವ ಕಡಿದಾದ ಗೆರೆಯ ಮೇಲೆ 10 ಮಿಲಿವೋಲ್ಟ್ ಗದ್ದಲ ಸೇರಿದರೆ, ಹಾಯುವ ಕ್ಷಣ ಒಂದು ಪಿಕೋಸೆಕೆಂಡ್ ಜರುಗುತ್ತದೆ. ಏರು 2 ಮಿಲಿವೋಲ್ಟಿಗೆ ಇಳಿದರೆ ಅಷ್ಟೇ ಗದ್ದಲ ಐದು ಪಿಕೋಸೆಕೆಂಡ್ ಜರುಗಿಸುತ್ತದೆ. ಉತ್ತಮ ಗಡಿಯಾರ ಹಾಕಿದರೂ ಜಿಟ್ಟರ್ ಕಾಣಿಸಿದರೆ ಈ ಓರೆ ಗೆರೆಯತ್ತ ಒಮ್ಮೆ ನೋಡಬೇಕಾಗುತ್ತದೆ.

ಇಂದಿನ ವೇಗಗಳಲ್ಲಿ ಚಿಪ್ಪಿನ ಕಾಲಿನ ಬಳಿ ಆಸಿಲೋಸ್ಕೋಪ್ ಇಟ್ಟರೆ ಮುಚ್ಚಿದ ಕಣ್ಣೇ ಕಾಣುವುದು ಮಾಮೂಲು. ಅದು ತೆರೆಯುವುದು ಚಿಪ್ಪಿನೊಳಗೆ, ಈಕ್ವಲೈಸರ್ ದಾಟಿದ ಮೇಲೆ. ಅಲ್ಲಿಗೆ ಹೊರಗಿನ ಉಪಕರಣ ತಲುಪದು. ಅದಕ್ಕಾಗಿ ಅನೇಕ ಚಿಪ್‌ಗಳು ಒಳಗೇ ಎರಡನೆಯ ಓದುಗನನ್ನು ಇಟ್ಟುಕೊಂಡಿವೆ. ಮೊದಲನೆಯದು ಕಣ್ಣಿನ ನಡುವೆ ನಿಂತು ಬಿಟ್ ಓದುತ್ತಿದ್ದರೆ, ಎರಡನೆಯದು ಸಮಯದಲ್ಲೂ ವೋಲ್ಟೇಜಿನಲ್ಲೂ ಚೂರುಚೂರೇ ಸರಿಯುತ್ತಾ ಓದುತ್ತದೆ. ಎರಡರ ಉತ್ತರ ಎಲ್ಲೆಲ್ಲಿ ಎಷ್ಟು ಸಲ ಬೇರೆಯಾಯಿತೆಂದು ಎಣಿಸಿದರೆ ಕಣ್ಣಿನ ನಕ್ಷೆ ಸಿದ್ಧ.

ಈ ಕಣ್ಣಿನ ವಯಸ್ಸು ಕಂಪ್ಯೂಟರಿಗಿಂತ ಕಡಿಮೆಯೇನಲ್ಲ. ಎರಡನೆಯ ಮಹಾಯುದ್ಧದಲ್ಲಿ ಬೆಲ್ ಲ್ಯಾಬ್ಸ್ ಕಟ್ಟಿದ ಸಿಗ್ಸಾಲಿ ಎಂಬ ಗುಪ್ತ ದೂರವಾಣಿ ವ್ಯವಸ್ಥೆ 1943ರ ಜುಲೈನಲ್ಲಿ ವಾಷಿಂಗ್ಟನ್ ಮತ್ತು ಲಂಡನ್ ನಡುವೆ ಕೆಲಸ ಆರಂಭಿಸಿತು. ಲಂಡನ್ನಿನ ಯಂತ್ರ ಇದ್ದದ್ದು ಸೆಲ್ಫ್ರಿಜಸ್ ಅಂಗಡಿಯ ನೆಲಮಾಳಿಗೆಯಲ್ಲಿ. ಸಿಗ್ನಲನ್ನು ಯಾವ ಕ್ಷಣದಲ್ಲಿ ಓದಬೇಕೆಂದು ಹೊಂದಿಸಲು ಅದರ ಎಂಜಿನಿಯರುಗಳು ನೋಡಿದ್ದು ಇದೇ ಮಾದರಿಯ ಚಿತ್ರವನ್ನು. ಅವರ ಸಿಗ್ನಲಿಗೆ ಆರು ಮಟ್ಟಗಳಿದ್ದವು, ಹಾಗಾಗಿ ಒಂದರ ಮೇಲೊಂದು ಐದು ಕಣ್ಣುಗಳು. ಆಮೇಲೆ ಕಂಪ್ಯೂಟರಿನ ತಂತಿಗಳು ಬಹುಕಾಲ ಎರಡೇ ಮಟ್ಟ, ಒಂದೇ ಕಣ್ಣಿನಲ್ಲಿ ಸಾಗಿದವು. 2022ರಲ್ಲಿ ಬಂದ ಪಿಸಿಐ ಎಕ್ಸ್‌ಪ್ರೆಸ್ 6.0 ನಾಲ್ಕು ಮಟ್ಟಗಳಿಗೆ ಹೊರಳಿತು. ಈಗ ಅಲ್ಲಿ ಮೂರು ಕಣ್ಣು, ಪ್ರತಿಯೊಂದಕ್ಕೂ ಮೊದಲಿನ ಎತ್ತರದ ಮೂರನೇ ಒಂದು ಪಾಲು. ಲಕ್ಷ ಕೋಟಿಗೊಂದು ತಪ್ಪಿನ ಹಳೆಯ ಗುರಿಯನ್ನು ತಂತಿಯ ಮಟ್ಟದಲ್ಲಿ ಕೈಬಿಟ್ಟು ಹತ್ತು ಲಕ್ಷಕ್ಕೊಂದನ್ನು ಒಪ್ಪಿಕೊಂಡಿದ್ದಾರೆ. ತಪ್ಪಿದ್ದನ್ನು ತಿದ್ದುವ ಕೆಲಸ, ಬಿಟ್‌ಗಳ ಜೊತೆಯಲ್ಲೇ ಕಳಿಸುವ ಹೆಚ್ಚುವರಿ ಸಂಕೇತಗಳಿಗೆ ಬಿದ್ದಿದೆ.